ಬ್ಯಾಗ್ ಒಗೆಯುವ ಮೊದಲು ಅದರ ಒಳಮೈ ಮುಟ್ಟಿ ನೋಡಿ

ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಮೊದಲ ಮಳೆಗಾಲದಲ್ಲಿ ಮಗಳ ಸ್ಕೂಲ್ ಬ್ಯಾಗನ್ನು ಸುಮ್ನೆ ವಾಷಿಂಗ್ ಮಷಿನ್‌ಗೆ ಹಾಕಿಬಿಟ್ಟಿದ್ದೆ. ಒಗೆಯುವಷ್ಟು ಹೊತ್ತು ಏನೂ ಆಗಲಿಲ್ಲ. ಸ್ಪಿನ್ ಶುರುವಾಗಿದ್ದೇ ತಡ, ಮಷಿನ್ ಧಡಧಡ ಅಂತ ಕುಣಿಯತೊಡಗಿತು, ಪಕ್ಕದ ಮನೆಯ ಕಾಕು ಗಾಬರಿಯಾಗಿ ಬೆಲ್ ಒತ್ತಿದರು. ಸ್ವಿಚ್ ಆಫ್ ಮಾಡಿ ಬ್ಯಾಗ್ ಎತ್ತಿದರೆ ಕೊಡ ಎತ್ತಿದ ಹಾಗಿತ್ತು. ತಳದಲ್ಲಿ ಎರಡು ತಂಬಿಗೆ ನೀರು ಹಾಗೇ ಕೂತಿತ್ತು, ಅದೂ ಸ್ಪಿನ್ ಆದಮೇಲೆ.

ಇದರಲ್ಲಿ ಮಷಿನ್‌ದೇನೂ ತಪ್ಪಿಲ್ಲ. ಮಳೆ ನೀರು ಒಳಗೆ ಬರಬಾರದು ಅಂತ ಬ್ಯಾಗಿನ ಬಟ್ಟೆಗೆ ಒಂದು ಲೇಪ ಹಚ್ಚಿರುತ್ತಾರೆ. ಹೊರಗಿನ ನೀರನ್ನು ಒಳಗೆ ಬಿಡದ ಲೇಪ ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ, ಅಲ್ವಾ? ಡ್ರಮ್ಮು ಸುತ್ತುವಾಗ ಚಾದರದ ನೀರು ಬಟ್ಟೆಯ ಮೂಲಕ ಆಚೆ ಹೋಗುತ್ತದೆ, ಬ್ಯಾಗಿನದ್ದು ಒಂದೇ ಕಡೆ ಚೀಲ ಕಟ್ಟಿಕೊಂಡು ನಿಲ್ಲುತ್ತದೆ. ಒಂದು ಕಡೆ ಭಾರ ಜಾಸ್ತಿಯಾಗಿ ಡ್ರಮ್ಮು ಬಡಿದಾಡುತ್ತದೆ. ರೇನ್‌ಕೋಟಿನಂಥ ನೀರು ಬಿಡದ ಬಟ್ಟೆಗಳನ್ನು ಸ್ಪಿನ್ ಮಾಡಬೇಡಿ ಅಂತ ಎಷ್ಟೋ ಮಷಿನ್‌ಗಳ ಕೈಪಿಡಿಯಲ್ಲೇ ಬರೆದಿರುತ್ತಾರೆ, ನಾವು ಓದುವುದಿಲ್ಲ ಅಷ್ಟೇ.

ಈಗ ನಿಮ್ಮ ಮನೆಯ ಬ್ಯಾಗನ್ನೇ ತಗೊಂಡು ಒಳಗೆ ಕೈಹಾಕಿ, ಬಟ್ಟೆಯ ಒಳಮೈ ಸವರಿ ನೋಡಿ. ಸಾಮಾನ್ಯವಾಗಿ ಹೊರಗಡೆ ಒರಟು ಪಾಲಿಯೆಸ್ಟರ್ ನೇಯ್ಗೆ, ಒಳಗಡೆ ನುಣುಪಾದ, ಸ್ವಲ್ಪ ಹೊಳಪಿನ, ರಬ್ಬರಿನ ಹಾಗೆ ಅನಿಸುವ ಪದರ. ಅದು ಪಾಲಿಯುರಿಥೇನ್ ಲೇಪ, ಚುಟುಕಾಗಿ ಪಿಯು ಅನ್ನುತ್ತಾರೆ. ಕೆಲವು ಅಗ್ಗದ ಬ್ಯಾಗಿನಲ್ಲಿ ಇನ್ನೂ ದಪ್ಪನೆಯ ಪಿವಿಸಿ ಇರುತ್ತದೆ. ಒಳಗೆ ಬೇರೆ ತೆಳು ಅಸ್ತರ್ ಹೊಲಿದಿದ್ದರೆ ಲೇಪ ಅದರ ಹಿಂದೆ ಅಡಗಿರುತ್ತದೆ, ಹೊಲಿಗೆ ಬಿಟ್ಟ ಕಡೆ ಇಣುಕಿದರೆ ಕಾಣುತ್ತದೆ.

ಲೇಪ ಇರುವ ಜಾಗದಲ್ಲಿ ಕೊಳೆ ಆಳಕ್ಕೆ ಹೋಗುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಹುಪಾಲು ಹೋಗುತ್ತದೆ. ಬೆವರು, ಜಿಡ್ಡು ಎಲ್ಲ ಹೋಗಿ ಕೂರುವುದು ಲೇಪ ಇಲ್ಲದ ಕಡೆ: ಭುಜದ ಪಟ್ಟಿಯ ಒಳಗಿನ ಸ್ಪಂಜು, ಬೆನ್ನಿಗೆ ತಾಗುವ ಜಾಳಿಗೆಯ ಮೆತ್ತೆ, ಮೇಲಿನ ಹಿಡಿಕೆ, ಜಿಪ್ಪಿನ ಎರಡು ಬದಿಯ ನಾಡಾ, ಮತ್ತೆ ಹೊಲಿಗೆಯ ಸಾಲು. ನಾವು ಮಾಡುವುದು ಮಾತ್ರ ಉಲ್ಟಾ. ಇಡೀ ಬ್ಯಾಗನ್ನು ರಾತ್ರಿಯೆಲ್ಲ ಸರ್ಫಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ದೊಡ್ಡದಾಗಿ ಕಾಣುವ ಮುಂದಿನ ಜೇಬನ್ನು ಗಸಗಸ ಉಜ್ಜುತ್ತೇವೆ. ಪಟ್ಟಿಯನ್ನು ಕೇಳುವವರೇ ಇಲ್ಲ.

ನೆನೆಸುವುದರಲ್ಲಿ ಇನ್ನೊಂದು ನಷ್ಟವೂ ಇದೆ. ಪಿಯು ಲೇಪಕ್ಕೆ ನೀರು ಮತ್ತು ಬಿಸಿ ಎರಡೂ ಒಟ್ಟಿಗೆ ಸಿಕ್ಕರೆ ಅದು ನಿಧಾನಕ್ಕೆ ಮುರಿಯತೊಡಗುತ್ತದೆ. ಮೊದಲು ಅಂಟಂಟಾಗುತ್ತದೆ, ಪುಸ್ತಕದ ರಟ್ಟು ಹಿಡಿದುಕೊಳ್ಳುತ್ತದೆ, ಆಮೇಲೆ ಬಿಳಿ ಬಿಳಿ ಹೊಟ್ಟಿನ ಹಾಗೆ ಉದುರುತ್ತದೆ. ಮುಂಬೈ ಕಡೆಯ ಸೆಖೆ, ಜೊತೆಗೆ ನಾಲ್ಕು ತಿಂಗಳ ಮಳೆಯ ಹಸಿ ಗಾಳಿ, ಇದಕ್ಕೆ ಹೇಳಿ ಮಾಡಿಸಿದ ಹವೆ. ಕಪಾಟಿನ ಮೇಲೆ ಸುಮ್ನೆ ಇಟ್ಟ ಬ್ಯಾಗೂ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಟಾಗಿಬಿಡಬಹುದು. ಬಿಸಿನೀರು, ಖಾರವಾದ ಬಟ್ಟೆ ಸೋಪು, ರಾತ್ರಿಯಿಡೀ ನೆನೆಸುವುದು ಇದೆಲ್ಲ ಆ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತವೆ. ಒಳಮೈ ಈಗಾಗಲೇ ಅಂಟಾಗಿದ್ದರೆ ಅದನ್ನು ಕೊಳೆ ಅಂದುಕೊಂಡು ಉಜ್ಜಬೇಡಿ. ಉಜ್ಜಿದಷ್ಟೂ ಎದ್ದು ಬರುತ್ತದೆ. ಟಾಲ್ಕಂ ಪೌಡರ್ ಉದುರಿಸಿದರೆ ಕೆಲವು ವಾರ ಅಂಟು ತಡೆಯಬಹುದು, ಸರಿಯಾಗುವುದಂತೂ ಇಲ್ಲ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಜುಲೈ ತಿಂಗಳ ಒಂದು ಶನಿವಾರ ಅಂದುಕೊಳ್ಳಿ. ಮಗಳು ಆರನೇ ಕ್ಲಾಸು, ಮಧ್ಯಾಹ್ನ ಮನೆಗೆ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಎಸೆದಿದ್ದಾಳೆ. ಪಟ್ಟಿಯ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತಿದೆ. ಅದು ಸೋಪಿನ ಕಲೆ ಅಲ್ಲ, ಬೆವರು ಒಣಗಿ ಉಳಿದ ಉಪ್ಪು. ಉಪ್ಪು ನೀರಲ್ಲಿ ತಾನೇ ಕರಗುತ್ತದೆ. ಕಷ್ಟ ಕೊಡುವುದು ಉಪ್ಪಿನ ಜೊತೆ ಬಂದ ಮೈಯ ಎಣ್ಣೆ, ಅದು ದೂಳನ್ನು ಹಿಡಿದುಕೊಂಡು ಕಪ್ಪು ಜಿಡ್ಡಾಗಿರುತ್ತದೆ.

ಮೊದಲು ನೀರು ಮುಟ್ಟಿಸುವುದೇ ಇಲ್ಲ. ಎಲ್ಲ ಜಿಪ್ ತೆಗೆದು, ಬ್ಯಾಗನ್ನು ಬೋರಲು ಹಾಕಿ ಬಾಲ್ಕನಿಯಲ್ಲಿ ಚೆನ್ನಾಗಿ ಕೊಡವುತ್ತೇನೆ. ಪೆನ್ಸಿಲ್ ಹೆರೆದ ಪುಡಿ, ಬಿಸ್ಕತ್ತಿನ ಚೂರು, ರಬ್ಬರಿನ ಉಂಡೆ, ಎಲ್ಲ ಬೀಳುತ್ತವೆ. ಮೂಲೆಯಲ್ಲಿ ಉಳಿದಿದ್ದನ್ನು ಒಣ ಬ್ರಷ್ಷಿನಲ್ಲಿ ತೆಗೆಯಬೇಕು. ಇಲ್ಲಿ ಅವಸರ ಮಾಡಿದರೆ ಪೆನ್ಸಿಲ್ಲಿನ ಕಪ್ಪು ಪುಡಿ ನೀರು ಕಂಡ ತಕ್ಷಣ ಮಸಿಯಾಗಿ ಇಡೀ ಅಸ್ತರಿಗೆ ಬಳಿದುಕೊಳ್ಳುತ್ತದೆ. ನನಗೆ ಒಂದು ಸಲ ಹಾಗಾಗಿದೆ, ಆ ಬೂದು ಬಣ್ಣ ಹೋಗಲೇ ಇಲ್ಲ.

ಆಮೇಲೆ ಅರ್ಧ ಬಕೆಟ್, ಅಂದರೆ ಸುಮಾರು 5 ಲೀಟರ್ ನೀರು. ಕೈಗೆ ಬೆಚ್ಚಗೆ ಅನಿಸಬಾರದು, ತಣ್ಣಗೂ ಅನಿಸಬಾರದು, ಅಷ್ಟು. ಅದಕ್ಕೆ ಒಂದು ಟೀ ಚಮಚ ಲಿಕ್ವಿಡ್ ಡಿಟರ್ಜೆಂಟ್. ಇಷ್ಟೇನಾ ಅನಿಸುತ್ತದೆ, ಆದರೆ ಬ್ಯಾಗಿನಿಂದ ಸೋಪು ಹೊರಗೆ ತೆಗೆಯುವುದೇ ದೊಡ್ಡ ಕೆಲಸ. ಸ್ಪಂಜಿನಲ್ಲಿ ಉಳಿದ ಸೋಪು ಒಣಗಿದ ಮೇಲೆ ದೂಳನ್ನು ಹಿಡಿಯುತ್ತದೆ, ಮಗು ಬೆವರಿದಾಗ ಮತ್ತೆ ನೊರೆಯಾಗಿ ಕುತ್ತಿಗೆ ತುರಿಸುತ್ತದೆ. ಕಂಫರ್ಟ್ ಥರದ ಬಟ್ಟೆ ಮೃದು ಮಾಡುವ ದ್ರವ ಬೇಡವೇ ಬೇಡ. ಅದು ನೇಯ್ಗೆಯ ಮೇಲೆ ಉಳಿದುಬಿಡುತ್ತದೆ, ಮಳೆ ಹನಿ ಜಾರಿ ಹೋಗುವ ಬದಲು ಬಟ್ಟೆಗೆ ಇಳಿಯತೊಡಗುತ್ತದೆ.

ಪಟ್ಟಿಯಿಂದಲೇ ಶುರು ಮಾಡಿ. ಪಟ್ಟಿ ಎರಡನ್ನೂ ಬಕೆಟ್ಟಿಗೆ ಇಳಿಸಿ, ಬ್ಯಾಗಿನ ಮೈಯನ್ನು ಹೊರಗೇ ಇಟ್ಟುಕೊಂಡು, ಹತ್ತು ನಿಮಿಷ ಬಿಡಿ. ಆಮೇಲೆ ಇಡ್ಲಿ ಒತ್ತಿ ನೋಡುವ ಹಾಗೆ ಮೆಲ್ಲಗೆ ಒತ್ತಿ ಬಿಡಿ, ಒತ್ತಿ ಬಿಡಿ. ಸ್ಪಂಜು ನೀರು ಕುಡಿದು ಉಗುಳುತ್ತದೆ. ಮೊದಲ ಸಲ ಬರುವ ನೀರಿನ ಬಣ್ಣ ನೋಡಿದರೆ ಚಹಾ ನೆನಪಾಗುತ್ತದೆ. ಮೇಲಿನ ಜಾಳಿಗೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು, ಬಟ್ಟೆ ಉಜ್ಜುವ ಗಟ್ಟಿ ಬ್ರಷ್ ಹಾಕಿದರೆ ಎಳೆ ಎದ್ದು ಬರುತ್ತದೆ. ಹಿಂಡಬೇಡಿ. ಹಿಂಡಿದರೆ ಒಳಗಿನ ಸ್ಪಂಜು ತಿರುಚಿ ಹರಿದು ಒಂದು ಕಡೆ ಗಂಟಾಗುತ್ತದೆ. ಬೆನ್ನಿನ ಮೆತ್ತೆಗೂ ಇದೇ ಉಪಚಾರ, ಆದರೆ ಅದನ್ನು ಬಕೆಟ್ಟಿಗೆ ಇಳಿಸದೆ ಸ್ಪಂಜಿನಲ್ಲಿ ಸೋಪುನೀರು ಹಚ್ಚಿ ಒತ್ತಿ. ಉಳಿದ ಮೈಗೆ ಒದ್ದೆ ಬಟ್ಟೆಯ ಒರೆಸು, ಅಷ್ಟೇ. ನೀರು ಬದಲಿಸಿ ಎರಡು ಮೂರು ಸಲ ಜಾಲಿಸಿ, ಒತ್ತಿದಾಗ ನೊರೆ ಬರದಿದ್ದರೆ ಮುಗಿಯಿತು.

ಜಿಪ್ಪಿನ ಮಾತು ಬೇರೆ. ಸ್ಕೂಲ್ ಬ್ಯಾಗಿನ ಜಿಪ್ಪು ಸಾಮಾನ್ಯವಾಗಿ ನೈಲಾನ್ ಸುರುಳಿ, ಅದರ ಮೇಲೆ ಓಡುವ ರನ್ನರ್ ಮಾತ್ರ ಲೋಹದ್ದು. ನೈಲಾನಿಗೆ ಬೆವರಿನಿಂದ ಏನೂ ಆಗುವುದಿಲ್ಲ. ರನ್ನರಿಗೆ ಆಗುತ್ತದೆ. ಉಪ್ಪು ಮತ್ತು ಹಸಿ ಗಾಳಿ ಸೇರಿ ಅದರ ಒಳಗೆ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟುತ್ತದೆ, ರನ್ನರ್ ಬಿಗಿಯಾಗುತ್ತದೆ, ಮಕ್ಕಳು ಜೋರಾಗಿ ಎಳೆಯುತ್ತಾರೆ, ರನ್ನರಿನ ಬಾಯಿ ಅಗಲವಾಗುತ್ತದೆ. ಅಲ್ಲಿಂದ ಮುಂದೆ ರನ್ನರ್ ಮುಂದಕ್ಕೆ ಓಡುತ್ತದೆ, ಹಿಂದಿನ ಹಲ್ಲು ಮಾತ್ರ ಮುಚ್ಚುವುದಿಲ್ಲ. ಎಲ್ಲರೂ ಜಿಪ್ ಹಾಳಾಯಿತು ಅನ್ನುತ್ತಾರೆ. ಹಾಳಾಗಿದ್ದು ರನ್ನರ್ ಮಾತ್ರ.

ಸೋಪುನೀರಲ್ಲಿ ಅದ್ದಿದ ಬ್ರಷ್ಷನ್ನು ಮೊದಲು ಜಿಪ್ ಹಾಕಿದ ಸ್ಥಿತಿಯಲ್ಲಿ ಹಲ್ಲಿನ ಉದ್ದಕ್ಕೂ ಎಳೆಯಿರಿ, ಆಮೇಲೆ ಜಿಪ್ ತೆಗೆದು ಹಲ್ಲಿನ ಒಳಬದಿಗೆ. ಅಡ್ಡಡ್ಡ ಉಜ್ಜಿದರೆ ದೂಳು ಸುರುಳಿಯ ಸಂದಿಗೇ ಹೋಗುತ್ತದೆ. ರನ್ನರಿನ ಪುಡಿಗೆ ವಿನೆಗರ್ ಅದ್ದಿದ ಕಿವಿಕಡ್ಡಿ ಹಚ್ಚಿ, ಎರಡು ನಿಮಿಷ ಬಿಟ್ಟು, ನೀರಿನಲ್ಲಿ ಒರೆಸಿಬಿಡಿ, ಹಾಗೇ ಬಿಟ್ಟರೆ ವಿನೆಗರೇ ಲೋಹ ತಿನ್ನುತ್ತದೆ. ಪೂರ್ತಿ ಒಣಗಿದ ಮೇಲೆ ಬಿಳಿ ಮೇಣದಬತ್ತಿಯನ್ನು ಹಲ್ಲಿನ ಮೇಲೆ ಎರಡು ಸಲ ಸವರಿ ರನ್ನರನ್ನು ನಾಲ್ಕೈದು ಸಲ ಓಡಿಸಿ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅವತ್ತು ಬೆಣ್ಣೆಯ ಹಾಗೆ ಓಡುತ್ತದೆ, ನಿಜ, ಆದರೆ ಎಣ್ಣೆ ಒಂದೇ ವಾರದಲ್ಲಿ ದೂಳು ಹಿಡಿದು ಕಪ್ಪಾಗಿ ನೋಟ್‌ಬುಕ್ಕಿಗೆ ಬಳಿಯುತ್ತದೆ. ಬಾಯಿ ಅಗಲವಾಗಿದ್ದರೆ ಇಕ್ಕಳದಲ್ಲಿ ರನ್ನರಿನ ಹಿಂದಿನ ಎರಡು ಅಂಚನ್ನು ಒಂದೊಂದಾಗಿ, ಕೂದಲೆಳೆಯಷ್ಟು ಮಾತ್ರ ಅದುಮಿ ನೋಡಿ. ಜಾಸ್ತಿ ಅದುಮಿದರೆ ರನ್ನರ್ ಓಡುವುದೇ ಇಲ್ಲ. ಇದಕ್ಕೆ ಧೈರ್ಯವಿಲ್ಲದವರು ಸ್ಟೇಷನ್ ಹತ್ತಿರ ಚಪ್ಪಲಿ, ಛತ್ರಿ ರಿಪೇರಿಗೆ ಕೂರುವವರ ಹತ್ತಿರ ಹೋಗಿ, ರನ್ನರ್ ಬದಲಿಸಿ ಕೊಡುತ್ತಾರೆ, ಇಡೀ ಜಿಪ್ ಹಾಕಿಸುವ ಅಗತ್ಯ ಇಲ್ಲ.

ಇನ್ನು ಡಬ್ಬಿಯ ಬ್ಯಾಗು. ಇದು ಸ್ಕೂಲ್ ಬ್ಯಾಗಿಗಿಂತ ಮೋಸದ್ದು. ನೋಡಲು ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಒರೆಸಿದರೆ ಫಳಫಳ ಅನ್ನುತ್ತದೆ, ಆದರೂ ವಾಸನೆ. ಕಾರಣ ಪದರಗಳಲ್ಲಿದೆ. ಹೊರಗೆ ಬಟ್ಟೆ, ನಡುವೆ ಬಿಸಿ ಹಿಡಿದಿಡುವ ತೆಳು ಫೋಮು, ಒಳಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಳೆ. ಹಾಳೆಯಿಂದ ನೀರು ಹೋಗುವುದಿಲ್ಲ, ಆದರೆ ಆ ಹಾಳೆಯನ್ನು ಮೂಲೆಯಲ್ಲಿ ಸೂಜಿಯಿಂದ ಹೊಲಿದಿರುತ್ತಾರಲ್ಲ, ಒಂದೊಂದು ಹೊಲಿಗೆಯೂ ಒಂದು ತೂತು. ಸಾಂಬಾರು ಚೆಲ್ಲಿದರೆ ತಳದ ಮೂಲೆಗೆ ಹರಿದು, ಅಲ್ಲಿಂದ ನಡುವಿನ ಪದರಕ್ಕೆ ಇಳಿಯುತ್ತದೆ. ನಾವು ಒರೆಸುವುದು ಮೇಲಿನ ಹಾಳೆಯನ್ನು, ಹುಳಿಯಾಗುತ್ತಿರುವುದು ಅದರ ಹಿಂದೆ.

ನಿಮ್ಮ ಬ್ಯಾಗಿಗೆ ಹೀಗಾಗಿದೆಯಾ ಅಂತ ತಿಳಿಯಲು ಖಾಲಿ ಬ್ಯಾಗನ್ನು ಒರೆಸಿ, ಜಿಪ್ ಹಾಕಿ ಒಂದು ಗಂಟೆ ಇಡಿ. ತೆಗೆದ ಕೂಡಲೇ ಮೂಲೆಗೆ ಮೂಗು ಹಿಡಿಯಿರಿ. ಆಮೇಲೆ ಮಡಿಸಿದ ಟಿಶ್ಯೂ ಕಾಗದವನ್ನು ಮೂಲೆಯ ಹೊಲಿಗೆಯ ಮೇಲಿಟ್ಟು ಹೊರಗಿನಿಂದ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ. ಹಳದಿ ಚುಕ್ಕೆ ಬಂದರೆ ಒಳಗೆ ಸಾಂಬಾರು ಇದೆ ಅಂತಲೇ ಅರ್ಥ.

ಹಾಗಿದ್ದರೆ ಒರೆಸಿ ಪ್ರಯೋಜನವಿಲ್ಲ, ಆ ಪದರವನ್ನೇ ತೊಳೆಯಬೇಕು. ಮೂಲೆಗೆ ಸೋಪುನೀರು ಹಾಕಿ ಹೊರಗಿನಿಂದ ಒತ್ತಿ ಒತ್ತಿ ಒಳಗಿಳಿಸಿ, ಬೋರಲು ಮಾಡಿ ಬಸಿಯಿರಿ. ಬರುವ ನೀರು ತಿಳಿಯಾಗುವವರೆಗೆ ಹೀಗೇ. ಮುಂದೆ ಏನು ಹಾಕಬೇಕು ಅನ್ನುವುದನ್ನು ವಾಸನೆ ಹೇಳುತ್ತದೆ. ಹುಳಿ ವಾಸನೆ, ಬೆವರಿನ ಕಮಟು, ಇವೆರಡರಲ್ಲೂ ಮುಖ್ಯವಾಗಿ ಆಮ್ಲ ಇರುತ್ತದೆ, ಅದಕ್ಕೆ ಅಡುಗೆ ಸೋಡಾ ಸರಿ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಾ ಹಾಕಿ, ಆ ಮೂಲೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ ತೊಳೆಯಿರಿ. ಬೆಳ್ಳಿ ಹಾಳೆ ಬಿರುಕು ಬಿಟ್ಟಿದ್ದರೆ ಅದಕ್ಕಿಂತ ಜಾಸ್ತಿ ಹೊತ್ತು ಬಿಡಬೇಡಿ, ಹಾಳೆಯ ಲೋಹ ಮಂಕಾಗುತ್ತದೆ.

ಮೀನಿನ ವಾಸನೆ ಇದಕ್ಕೆ ತದ್ವಿರುದ್ಧ. ನಮ್ಮ ಮನೆಯವರು ವಾರಕ್ಕೆರಡು ದಿನ ಆಫೀಸಿಗೆ ಬಂಗುಡೆ ಪುಳಿಮುಂಚಿ ಒಯ್ಯುತ್ತಾರೆ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಡಬ್ಬಿ ಅಡ್ಡ ಬೀಳುವುದು ಮಾಮೂಲು. ಒಂದು ಸಲ ಸೋಡಾ ಹಾಕಿ ಹಾಕಿ ನನಗೇ ಸಾಕಾಯಿತು, ವಾಸನೆ ಇನ್ನೂ ಜೋರಾದ ಹಾಗೆ ಅನಿಸಿತು. ಕುಂದಾಪುರದಿಂದ ಬಂದಿದ್ದ ಅತ್ತೆ ನೋಡಿ ನಕ್ಕರು.

"ಮೀನು ತೊಳೆಯೋಕೆ ಯಾರಾದ್ರೂ ಸೋಡಾ ಹಾಕ್ತಾರಾ ಮಾರಾಯ್ತಿ? ಹುಳಿ ಹಾಕು."

ಅವರು ಹೇಳಿದ್ದೇ ಸರಿ. ಮೀನಿನ ವಾಸನೆ ಕೊಡುವ ಅಮೈನುಗಳು ಕ್ಷಾರದ ಗುಣದವು, ಆಮ್ಲ ತಾಗಿದರೆ ಅವು ಗಾಳಿಗೆ ಏಳದೆ ನೀರಲ್ಲೇ ಉಳಿದು ತೊಳೆದು ಹೋಗುತ್ತವೆ. ಸೋಡಾ ಹಾಕಿದರೆ ಉಲ್ಟಾ, ವಾಸನೆ ಇನ್ನಷ್ಟು ಏಳುತ್ತದೆ. ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು, ಅಥವಾ ನಿಂಬೆರಸ, ಹದಿನೈದು ನಿಮಿಷ ಸಾಕು. ಹುಣಸೆ ಬೇಡ, ಕಲೆಯಾಗುತ್ತದೆ. ಇಷ್ಟು ತಿಳಿದ ಮೇಲೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದು ಬುಸುಬುಸು ನೊರೆ ತೋರಿಸುವ ವಿಡಿಯೋಗಳನ್ನು ನೋಡಿದರೆ ನಗು ಬರುತ್ತದೆ. ಒಂದನ್ನೊಂದು ಕೊಂದುಕೊಂಡು ಉಳಿಯುವುದು ಬಹುಪಾಲು ಉಪ್ಪುನೀರು. ಬ್ಲೀಚ್ ಮಾತ್ರ ನಗುವ ವಿಷಯ ಅಲ್ಲ. ಅದು ಬಣ್ಣ, ಲೋಹ ಎರಡನ್ನೂ ತಿನ್ನುತ್ತದೆ, ವಿನೆಗರ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಗಾಳಿ ಬರುತ್ತದೆ.

ಅರಿಶಿನದ ಕಲೆ ಬಗ್ಗೆ ಒಂದು ಮಾತು. ಸೋಪು ಹಚ್ಚಿದ ತಕ್ಷಣ ಹಳದಿ ಕಲೆ ರಕ್ತದ ಹಾಗೆ ಕೆಂಪಾದರೆ ಹೆದರಬೇಡಿ. ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಮಾಡುವಾಗ ಆಗುವುದೂ ಇದೇ, ಕ್ಷಾರ ಸಿಕ್ಕರೆ ಅರಿಶಿನ ಕೆಂಪು. ಚೆನ್ನಾಗಿ ತೊಳೆದರೆ ಮತ್ತೆ ಹಳದಿ. ಆ ಹಳದಿಯನ್ನು ತೆಗೆಯುವುದು ಬಿಸಿಲು. ಎಣ್ಣೆ ಜಿಡ್ಡು ಹೋದ ಮೇಲೆ ಕಲೆ ಇರುವ ಭಾಗವನ್ನಷ್ಟೇ ಬೆಳಗಿನ ಬಿಸಿಲಿಗೆ ಒಂದೆರಡು ಗಂಟೆ ತಿರುಗಿಸಿಡಿ, ಎರಡು ಮೂರು ದಿನಕ್ಕೆ ಮಾಸುತ್ತದೆ. ಮಳೆಗಾಲದಲ್ಲಿ ಬಿಸಿಲೆಲ್ಲಿ ತರೋದು ಅಂತೀರಾ, ಅಕ್ಟೋಬರ್‌ವರೆಗೆ ಆ ಕಲೆಯ ಜೊತೆ ಬಾಳಿ. ಕಲೆಯಿಂದ ಯಾರಿಗೂ ಹೊಟ್ಟೆ ಕೆಡುವುದಿಲ್ಲ.

ಎರಡು ಸಲ ತೊಳೆದ ಮೇಲೂ ಮೂಲೆಯ ವಾಸನೆ ಹೋಗದಿದ್ದರೆ ಆ ಡಬ್ಬಿ ಬ್ಯಾಗನ್ನು ಬಿಟ್ಟುಬಿಡಿ. ಹೊಸದಕ್ಕೆ ಮೊದಲ ದಿನದಿಂದಲೇ ಡಬ್ಬಿಯ ಕೆಳಗೆ ಒಂದು ಹತ್ತಿ ಕರವಸ್ತ್ರ ಹಾಸಿ. ಚೆಲ್ಲಿದ್ದನ್ನು ಅದು ಮೂಲೆಗೆ ಹೋಗುವ ಮೊದಲೇ ಕುಡಿಯುತ್ತದೆ, ದಿನಾ ಬದಲಿಸಬಹುದು. ರಾತ್ರಿ ಜಿಪ್ ತೆಗೆದೇ ಇಡಿ.

ಒಣಗಿಸುವುದು ಈ ಊರಿನಲ್ಲಿ ಒಗೆಯುವುದಕ್ಕಿಂತ ದೊಡ್ಡ ಕೆಲಸ. ನಾನು ಮೊದಲು ಒಣ ಟವೆಲ್ಲಿನಲ್ಲಿ ಪಟ್ಟಿಯನ್ನು ಸುತ್ತಿ ಅದರ ಮೇಲೆ ಕಾಲಿಟ್ಟು ಒತ್ತುತ್ತೇನೆ, ಬರುವ ನೀರು ಕಂಡರೆ ಆಶ್ಚರ್ಯವಾಗುತ್ತದೆ. ಆಮೇಲೆ ಎಲ್ಲ ಜಿಪ್ ತೆಗೆದು ಬ್ಯಾಗನ್ನು ತಲೆಕೆಳಗಾಗಿ, ತಳಕ್ಕೆ ಕ್ಲಿಪ್ ಹಾಕಿ ತೂಗುಹಾಕಬೇಕು. ಬಾಯಿ ಮೇಲಿದ್ದರೆ ಲೇಪದ ತಳದಲ್ಲಿ ನೀರು ನಿಂತುಬಿಡುತ್ತದೆ, ಆ ಮಷಿನ್ ಕಥೆ ಮತ್ತೆ. ಒಳಗೆ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ, ಒದ್ದೆಯಾದ ಹಾಗೆ ಬದಲಿಸಿ. ಬಣ್ಣದ ಪುಟ ಬೇಡ, ಮಸಿ ಹತ್ತುತ್ತದೆ. ಬೆನ್ನಿನ ಮೆತ್ತೆ ಫ್ಯಾನಿನ ಕಡೆಗಿರಲಿ. ಹೇರ್ ಡ್ರೈಯರ್ ಹಿಡಿಯುವುದಾದರೆ ತಣ್ಣನೆಯ ಗಾಳಿ ಮಾತ್ರ. ಬೇಸಿಗೆಯಲ್ಲಿ ಅರ್ಧ ದಿನಕ್ಕೆ ಒಣಗುವ ಪಟ್ಟಿಗೆ ಜುಲೈಯಲ್ಲಿ ಒಂದೂವರೆ ದಿನ ಬೇಕಾಗುತ್ತದೆ, ಶನಿವಾರ ಮಧ್ಯಾಹ್ನ ಶುರು ಮಾಡುವುದು ಅದಕ್ಕೇ. ಹಸಿ ಉಳಿದರೆ ಮುಗ್ಗಲು ವಾಸನೆ, ಆಮೇಲೆ ಕಪ್ಪು ಚುಕ್ಕೆಗಳ ಬೂಷ್ಟು. ಬೂಷ್ಟು ಮೇಲ್ಮೈಯಲ್ಲಿದ್ದರೆ ಸೋಪುನೀರಲ್ಲಿ ಒರೆಸಿ ವಿನೆಗರ್ ನೀರು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ, ಲೇಪದೊಳಗೆ ಇಳಿದ ಕಪ್ಪು ಮಾತ್ರ ಹೋಗುವುದಿಲ್ಲ.

ಮಳೆಗಾಲದಲ್ಲಿ ಪ್ರತಿ ವಾರ ಇಷ್ಟೆಲ್ಲ ಮಾಡುವುದಿಲ್ಲ ನಾನು. ವಾರಕ್ಕೊಮ್ಮೆ ಪಟ್ಟಿ, ಹಿಡಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಇಡುತ್ತೇನೆ. ಪೂರ್ತಿ ತೊಳೆಯುವುದು ತೀರಾ ವಾಸನೆ ಬಂದಾಗ, ಇಲ್ಲದಿದ್ದರೆ ಗಣಪತಿ ರಜೆಗೆ ಒಂದು ಸಲ, ದೀಪಾವಳಿ ರಜೆಗೆ ಒಂದು ಸಲ. ತೊಳೆದ ವಾರ ಸೋಮವಾರ ಬೆಳಿಗ್ಗೆ ಪುಸ್ತಕ ತುಂಬುವ ಮೊದಲು ಪಟ್ಟಿಯ ದಪ್ಪನೆಯ ಜಾಗವನ್ನು ಟಿಶ್ಯೂ ಸಮೇತ ಎರಡು ಬೆರಳಲ್ಲಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯುತ್ತೇನೆ. ಟಿಶ್ಯೂ ಸ್ವಲ್ಪ ತಣ್ಣಗಾದರೂ ಒಳಗೆ ಇನ್ನೂ ನೀರಿದೆ. ಅಂಥ ದಿನ ಮಗಳು ಗೊಣಗುತ್ತಾ ಕಳೆದ ವರ್ಷದ ಹಳೇ ಬ್ಯಾಗ್ ಹಾಕಿಕೊಂಡು ಹೋಗುತ್ತಾಳೆ.